120 ಪರ್ಸೆಂಟಿನ ಸುಳ್ಳು

ಸೇಲ್ಸ್ ಕೆಲಸಕ್ಕೆ ಬರುವ ಅರ್ಜಿ ಓದಿ ಓದಿ ನನಗೆ ಸಾಕಾಗಿದೆ. ಎಲ್ಲದರಲ್ಲೂ ಅವೇ ಮೂರು ಮಾತು: ಟಾರ್ಗೆಟ್‌ನ 120 ಪರ್ಸೆಂಟ್ ಮುಟ್ಟಿದ್ದೇನೆ, 40 ಹೊಸ ಅಂಗಡಿ ಹಿಡಿದಿದ್ದೇನೆ, ‘ಬೇಡ’ ಅಂದವರನ್ನೂ ಒಪ್ಪಿಸಿಬಿಡುತ್ತೇನೆ. ಅಲ್ಲಪ್ಪಾ, ಯಾವ 120 ಅಂತ ಕೇಳಿದರೆ ಮುಕ್ಕಾಲು ಜನ ತಡವರಿಸುತ್ತಾರೆ.

ಬಿಸ್ಕತ್ತಿನ ಲೈನಿನ ಲೆಕ್ಕ ನೋಡಿ. ತಿಂಗಳ ಟಾರ್ಗೆಟ್ 10 ಲಕ್ಷ. ಕಂಪನಿಯಿಂದ ಡಿಸ್ಟ್ರಿಬ್ಯೂಟರಿಗೆ ಬಿಲ್ ಆಗಿದ್ದು 12 ಲಕ್ಷ; ಇದು ಪ್ರೈಮರಿ. ಡಿಸ್ಟ್ರಿಬ್ಯೂಟರಿಂದ ಅಂಗಡಿಗಳಿಗೆ ಹೋಗಿದ್ದು 9 ಲಕ್ಷ, ಇದು ಸೆಕೆಂಡರಿ. ಉಳಿದ 3 ಲಕ್ಷದ ಮಾಲು ಗೋಡೌನಿನಲ್ಲಿ ಕೂತಿದೆ. ಹೀಗೇ ಮೂರು ತಿಂಗಳಾದರೆ 9 ಲಕ್ಷದ ಮಾಲು, ಅಂದರೆ ಇಡೀ ಒಂದು ತಿಂಗಳ ವ್ಯಾಪಾರ, ಅಲ್ಲೇ ಹಳೇದಾಗ್ತಾ ಇರುತ್ತೆ. ನಾಲ್ಕನೇ ತಿಂಗಳು ಡಿಸ್ಟ್ರಿಬ್ಯೂಟರು ಕೈ ಎತ್ತುತ್ತಾನೆ. ಅಷ್ಟರಲ್ಲಿ ನಮ್ಮ ಹೀರೋ 120 ಪರ್ಸೆಂಟ್ ಅಂತ ಅರ್ಜಿ ಬರೆದು ಬೇರೆ ಕಂಪನಿ ಸೇರಿರುತ್ತಾನೆ. ಬೈಗುಳ ತಿನ್ನೋದು ಆಮೇಲೆ ಬಂದ ಹುಡುಗ.

ಹೊಸ ಅಂಗಡಿ ಹಿಡಿದ ಕಥೆಯೂ ಇದೇ. ಸ್ಕೀಮಿನ ಆಸೆಗೋ, ಹುಡುಗನ ಮುಖ ನೋಡಿಯೋ ಮೊದಲ ಬಿಲ್ ಯಾರಾದರೂ ಹಾಕಿಸಿಕೊಳ್ಳುತ್ತಾರೆ. ಮೂರನೇ ಬಿಲ್ ಆದ ಮೇಲೆ ಅದು ನಿಮ್ಮ ಅಂಗಡಿ. ಅಲ್ಲಿಯವರೆಗೆ ಅದು ಬರೀ ಭೇಟಿ.

ಇನ್ನು ‘ಬೇಡ’. ಅದು ನಿಮ್ಮ ಛಲ ಪರೀಕ್ಷಿಸಲು ಅಂಗಡಿಯವರು ಹೇಳೋ ಮಾತಲ್ಲ ರೀ, ಅದರ ಹಿಂದೆ ಕಾರಣ ಇರುತ್ತೆ. ‘ನಿಮ್ಮ ಹಿಂದಿನ ಹುಡುಗ ಎಕ್ಸ್‌ಪೈರಿ ಮಾಲು ಬದಲಾಯಿಸಿ ಕೊಡ್ತೀನಿ ಅಂತ ಹೋದವನು ಬರಲೇ ಇಲ್ಲ, ಮೊದಲು ಅದನ್ನ ತಗೊಂಡು ಹೋಗಿ’ ಅಂತ ಒಬ್ಬರು ನನ್ನೆದುರು ಡಬ್ಬಿ ಸುರಿದಿದ್ದರು. ಅಂಥವರಿಗೆ ಎಷ್ಟು ಮಾತಾಡಿದರೂ ದಂಡ. ಹಳೇ ಕ್ಲೇಮು ತೀರಿಸಿದರೆ ಅವರೇ ಆರ್ಡರ್ ಬರೆಸುತ್ತಾರೆ. ಪಕ್ಕದ ಕಂಪನಿ ಕೊಡುವಷ್ಟು ದಿನ ಉದ್ರಿ ಕೇಳುವವರ ವಿಷಯ ಬೇರೆ. ಅದು ನಮ್ಮಿಂದ ಆಗದಿದ್ದರೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ಹೋಗಬೇಕು.

ನನಗೆ ಬೇಕಾದ ಅರ್ಜಿ ಹೀಗಿರುತ್ತೆ: ‘ನನ್ನ ಬೀಟಿನಲ್ಲಿ 30 ಅಂಗಡಿಯವರು ಬೇಡ ಅಂದಿದ್ದರು. 14 ಜನರದು ಎಕ್ಸ್‌ಪೈರಿ ತಕರಾರು. ಕ್ಲೇಮು ಪಾಸ್ ಮಾಡಿಸಿದೆ, 9 ಅಂಗಡಿ ವಾಪಸ್ ಬಂದವು. ಉಳಿದವರು ಇನ್ನೂ ತಗೋತಿಲ್ಲ. ಸೆಕೆಂಡರಿ 7 ಲಕ್ಷದಿಂದ 8 ಲಕ್ಷಕ್ಕೆ ಬಂತು, ಟಾರ್ಗೆಟ್ ಮುಟ್ಟಲಿಲ್ಲ.’ ಇಂಥವನನ್ನು ನಾನು ಅವತ್ತೇ ಕರೀತೀನಿ.

ಆದರೆ ಬರೀ ಹುಡುಗರನ್ನು ಬೈದು ಏನು ಫಲ? ಇನ್ಸೆಂಟಿವ್ ಕೊಡುವುದು ಪ್ರೈಮರಿ ಮೇಲೆ. 28ನೇ ತಾರೀಕು ಫೋನ್ ಮಾಡಿ ‘ಹೇಗಾದ್ರೂ ಮಾಡಿ ಬಿಲ್ ಮಾಡ್ಸು’ ಅನ್ನುವವರು ನಾವು. ನಾನೂ ಅಂದಿದ್ದೇನೆ. ಅರ್ಜಿಯಲ್ಲಿ ಆ ಸುಳ್ಳು ಬರೆದವನು ಅವನು, ಕಲಿಸಿದವರು ನಾವೇ.