ಭಾಲ್ಕಿಯ ಶಟರು ಯಾಕೆ ಇಳಿಯಲ್ಲ? ಉತ್ತರ ಮಣ್ಣಿನ ವರದಿಯ ಮೂರನೇ ಪುಟದಲ್ಲಿದೆ

ಭಾಲ್ಕಿ, ಔರಾದ ಕಡೆಯ ವ್ಯಾಪಾರಸ್ಥರಿಗೆ ಈ ಕಾಟ ಹೊಸದಲ್ಲ. ಮಳೆಗಾಲದಲ್ಲಿ ಸಲೀಸಾಗಿ ಇಳಿಯುವ ಶಟರು ಏಪ್ರಿಲ್ ಬಂತೆಂದರೆ ಅರ್ಧಕ್ಕೆ ನಿಂತುಬಿಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೊರಟು ಛತ್ತಿನ ಕಡೆಗೆ ಏರುತ್ತದೆ. ಸಿಮೆಂಟು ಮೆತ್ತಿಸಿದರೆ ಶ್ರಾವಣದಲ್ಲಿ ಮುಚ್ಚಿಕೊಂಡಂತೆ ಕಾಣುತ್ತದೆ, ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಮಾಲಿಕರು ಮೇಸ್ತ್ರಿಯನ್ನು ಬೈಯುತ್ತಾರೆ, ಮೇಸ್ತ್ರಿ ಸಿಮೆಂಟನ್ನು ಬೈಯುತ್ತಾನೆ. ಬೈಸಿಕೊಳ್ಳಬೇಕಾದದ್ದು ಕೆಳಗಿರುವ ಎರೆ ಮಣ್ಣು. ಆ ಮಣ್ಣಿನ ಗುಣವನ್ನು ಬರೆದುಕೊಟ್ಟ ಪ್ರಯೋಗಾಲಯದ ವರದಿ ಬಹಳ ಸಲ ಮಾಲಿಕರ ಮನೆಯ ಟ್ರಂಕಿನಲ್ಲೇ ಇರುತ್ತದೆ. ಬ್ಯಾಂಕಿನವರು ಕೇಳಿದರೆಂದು ಮಾಡಿಸಿದ್ದು, ಓದಿದ್ದಲ್ಲ.

ಬೀದರ ಶಹರದ ಮಾತು ಬೇರೆ. ಶಹರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಕೋಟೆಯ ಕಂದಕವನ್ನು ಅದೇ ಕಲ್ಲಿನಲ್ಲಿ ಕಡಿದಿದ್ದಾರೆ, ನೌಬಾದಿನ ಸುರಂಗ ಬಾವಿಯನ್ನೂ ಅದರಲ್ಲೇ ಕೊರೆದಿದ್ದಾರೆ. ಅಲ್ಲಿ ಬುನಾದಿಗೆ ಭಯವಿದ್ದರೆ ಅದು ಕಲ್ಲಿನೊಳಗಿನ ಪೊಳ್ಳು ಮತ್ತು ಮೆತ್ತಗಿನ ಜೇಡಿಯದು, ಉಬ್ಬುವ ಮಣ್ಣಿನದಲ್ಲ. ದಿಬ್ಬ ಇಳಿದು ಭಾಲ್ಕಿ, ಔರಾದ ದಾರಿ ಹಿಡಿದರೆ ಹಿಂಗಾರಿ ಜೋಳದ ಕರಿ ಭೂಮಿ. ಜೋಳದ ರೈತನಿಗೆ ವರವಾದದ್ದು ಅಂಗಡಿ ಕಟ್ಟುವವನಿಗೆ ಶಾಪ. ಈ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬೀದರದಲ್ಲಿ ನಡೆದ ಬುನಾದಿಯ ಅಳತೆಯನ್ನೇ ಭಾಲ್ಕಿಗೆ ತಂದವರು ಪೆಟ್ಟು ತಿನ್ನುತ್ತಾರೆ.

ಎರಡು ಗಾಜಿನ ಕೊಳವೆ

ವರದಿಯಲ್ಲಿ ಹತ್ತು ಹದಿನೈದು ಅಂಕಿಗಳಿರುತ್ತವೆ. ಕರಿ ಭೂಮಿಯ ಮಾಲಿಕ ಮೊದಲು ಬೆರಳಿಡಬೇಕಾದದ್ದು ಒಂದರ ಮೇಲೆ: ‘ಫ್ರೀ ಸ್ವೆಲ್ ಇಂಡೆಕ್ಸ್’, ಅಂದರೆ ಮಣ್ಣಿನ ಉಬ್ಬುವಿಕೆಯ ಅಂಕ. ಇದನ್ನು ಅಳೆಯುವ ರೀತಿ ಐ.ಎಸ್. 2720ರ 40ನೇ ಭಾಗದಲ್ಲಿದೆ, 1977ರದ್ದು. ಹೈಸ್ಕೂಲಿನ ಹುಡುಗನಿಗೂ ತಿಳಿಯುವಂಥ ರೀತಿ.

ಮಣ್ಣನ್ನು ಒಲೆಯಲ್ಲಿ ಒಣಗಿಸಿ, ಪುಡಿ ಮಾಡಿ, 425 ಮೈಕ್ರಾನಿನ ಜರಡಿ ಹಿಡಿಯುತ್ತಾರೆ. ಹತ್ತು ಹತ್ತು ಗ್ರಾಮಿನ ಎರಡು ಪಾಲು ಮಾಡಿ ನೂರು ಮಿಲಿಲೀಟರಿನ ಎರಡು ಗಾಜಿನ ಕೊಳವೆಗೆ ಹಾಕುತ್ತಾರೆ. ಒಂದಕ್ಕೆ ಭಟ್ಟಿ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಕಲಕಿ ಗಾಳಿಗುಳ್ಳೆ ಬಿಡಿಸಿ, ಕಡಿಮೆಯೆಂದರೆ ಇಪ್ಪತ್ತನಾಲ್ಕು ತಾಸು ಮುಟ್ಟದೆ ಇಡುತ್ತಾರೆ. ಈ ಜೇಡಿ ಸೀಮೆಎಣ್ಣೆಯನ್ನು ಕುಡಿದು ಉಬ್ಬುವುದಿಲ್ಲ, ನೀರನ್ನು ಕುಡಿಯುತ್ತದೆ. ಎರಡರಲ್ಲಿ ಮಣ್ಣು ಎಷ್ಟೆಷ್ಟು ಎತ್ತರಕ್ಕೆ ಕೂತಿದೆ ಎಂದು ಓದಿ, ನೀರಿನದರಲ್ಲಿ ಸೀಮೆಎಣ್ಣೆಯದನ್ನು ಕಳೆದು, ಸೀಮೆಎಣ್ಣೆಯದರಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಆ ಅಂಕ ಬಂತು.

ಎಡವಟ್ಟು ಆಗುವುದೂ ಇಲ್ಲೇ. ಸಾಯಂಕಾಲ ಬಾಗಿಲು ಹಾಕುವ ಹೊತ್ತಿಗೆ ಅವಸರದಿಂದ ಓದಿದರೆ ಉಬ್ಬು ಪೂರ್ತಿ ಆಗಿರುವುದಿಲ್ಲ, ಅಂಕ ಕಡಿಮೆ ಬರುತ್ತದೆ. ಮುರುಮು, ಸುಣ್ಣದ ಹರಳು ಬೆರೆತ ಮಣ್ಣಾದರೆ ಜರಡಿಯಲ್ಲಿ ಹರಳು ಹೊರಗೆ ಉಳಿದು ಬರೀ ನಯಮಣ್ಣು ಪರೀಕ್ಷೆಗೆ ಹೋಗುತ್ತದೆ, ಅಂಕ ನೆಲದ ನಿಜಕ್ಕಿಂತ ಹೆಚ್ಚು ಬರುತ್ತದೆ.

ನಾಲ್ಕು ಅಂಗಡಿಯ ಲೆಕ್ಕ

ಭಾಲ್ಕಿಯ ರಸ್ತೆ ಬದಿಗೆ ಒಬ್ಬರು ಸಾಲಾಗಿ ನಾಲ್ಕು ಅಂಗಡಿ ಕಟ್ಟಿಸುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅಂಕಿಗಳು ಲೆಕ್ಕ ತಿಳಿಯಲೆಂದು ಹಿಡಿದವು, ಇಂಥವರದೇ ಎಂದಲ್ಲ. ಪೂರ್ವದ ತುದಿಯಲ್ಲಿ ಒಂದು ಗುಂಡಿ, ಪಶ್ಚಿಮದ ತುದಿಯಲ್ಲಿ ಒಂದು. ಪೂರ್ವದಲ್ಲಿ ಕರಿ ಮಣ್ಣು 1.4 ಮೀಟರಿಗೆ ಮುಗಿದು ಗಟ್ಟಿ ಮುರುಮು ಸಿಕ್ಕಿತು. ಪಶ್ಚಿಮದಲ್ಲಿ ಹಿಂದೆ ಹಳ್ಳವಿತ್ತೋ ಏನೋ, 3.2 ಮೀಟರ್ ತನಕ ಕರಿ ಮಣ್ಣೇ. ಪೂರ್ವದ ಮಣ್ಣು ಸೀಮೆಎಣ್ಣೆಯಲ್ಲಿ 12, ನೀರಿನಲ್ಲಿ 17 ಮಿಲಿಲೀಟರಿಗೆ ಕೂತಿತು. ಪಶ್ಚಿಮದ್ದು ಸೀಮೆಎಣ್ಣೆಯಲ್ಲಿ ಅದೇ 12, ನೀರಿನಲ್ಲಿ 21. ಗುಣಿಸಿ ಭಾಗಿಸಿದರೆ ಪೂರ್ವಕ್ಕೆ ಶೇಕಡಾ 42, ಪಶ್ಚಿಮಕ್ಕೆ 75.

ಈಗ ಮಾಲಿಕ ಕೇಳಬೇಕಾದ ಮಾತು: ‘ಈ 42 ಅಂಬೋದು ಎಷ್ಟು ಖರೆ ಅದರಿ?’ ಕೊಳವೆಯ ಗೆರೆ ಒಂದೊಂದು ಮಿಲಿಲೀಟರಿಗೆ. ಕೆಸರಿನ ಮೇಲ್ಮೈ ಸಪಾಟಾಗಿರುವುದಿಲ್ಲ. ಕಣ್ಣಿಗೆ ಅರ್ಧ ಗೆರೆ ಆಚೀಚೆ ಆಗುವುದು ಸಹಜ. ಹನ್ನೆರಡು ಎಂದು ಓದಿದ್ದು ಹನ್ನೊಂದೂವರೆಯೂ ಇರಬಹುದು, ಹನ್ನೆರಡೂವರೆಯೂ ಇರಬಹುದು. ಎರಡು ಕೊಳವೆಯ ತಪ್ಪೂ ಒಂದನ್ನೊಂದು ಹೆಚ್ಚಿಸುವ ಕಡೆಗೇ ಹೋದರೆ ಪೂರ್ವದ ಅಂಕ 32ರಿಂದ 52ರ ತನಕ ಎಲ್ಲಿಯಾದರೂ ಬೀಳಬಹುದು. ಪಶ್ಚಿಮದ್ದು 64ರಿಂದ 87. ಹತ್ತು ಗ್ರಾಂ ಮಣ್ಣು, ಅರ್ಧ ಗೆರೆ, ಇಷ್ಟು ವ್ಯತ್ಯಾಸ! ‘41.67’ ಎಂದು ದಶಮಾಂಶ ಹಚ್ಚಿ ಬರೆದ ವರದಿ ನೋಡಲು ಠೀಕಾಗಿರುತ್ತದೆ, ಆದರೆ ಆ ದಶಮಾಂಶಕ್ಕೆ ಗಾಜಿನ ಕೊಳವೆಯಲ್ಲಿ ಆಧಾರವಿಲ್ಲ.

ಇನ್ನೊಂದು ಗೋಜಲಿದೆ, ಇದನ್ನು ಇಂಜಿನಿಯರರಲ್ಲೂ ಕೆಲವರು ಗಮನಿಸುವುದಿಲ್ಲ. ಅಂಕದ ಪಕ್ಕದಲ್ಲಿ ‘ಕಡಿಮೆ’, ‘ಮಧ್ಯಮ’, ‘ಅತಿ ಹೆಚ್ಚು’ ಎಂಬ ಮಾತು ಬರೆದಿರುತ್ತದೆ. ಅದನ್ನು ಯಾವ ಕೋಷ್ಟಕ ನೋಡಿ ಬರೆದರು? ಮಣ್ಣಿನ ವರ್ಗೀಕರಣದ ಐ.ಎಸ್. 1498, 1970ರದ್ದು, 50ರೊಳಗಿದ್ದರೆ ಕಡಿಮೆ, 50ರಿಂದ 100 ಮಧ್ಯಮ ಎನ್ನುತ್ತದೆ. ಬುಡ ಉಬ್ಬಿದ ಪೈಲುಗಳ ಐ.ಎಸ್. 2911ರ ಮೂರನೇ ಭಾಗ, 1980ರದ್ದು, 20ರೊಳಗೆ ಕಡಿಮೆ, 35ರ ತನಕ ಮಧ್ಯಮ, 50 ದಾಟಿದರೆ ಅತಿ ಹೆಚ್ಚು ಎನ್ನುತ್ತದೆ. ಅಂದರೆ ಪಶ್ಚಿಮದ ಅದೇ 75 ಒಂದು ಪುಸ್ತಕದಲ್ಲಿ ‘ಮಧ್ಯಮ’, ಇನ್ನೊಂದರಲ್ಲಿ ‘ಅತಿ ಹೆಚ್ಚು’. ಮಾಲಿಕ ಅಂಕ ಬಿಟ್ಟು ಮಾತು ಮಾತ್ರ ಓದಿದರೆ ಮೋಸ ಹೋದ. ‘ಮಧ್ಯಮ ಅಂತ ಬರ್ದಾರ, ಏನೂ ಆಗಂಗಿಲ್ಲ’ ಎಂದು ಗುತ್ತೇದಾರ ಸಮಾಧಾನ ಹೇಳಲು ಇದೊಂದು ಒಳ್ಳೆ ನೆವ. ಯಾವ ಕೋಷ್ಟಕ ಎಂದು ವರದಿಯಲ್ಲಿ ನಮೂದಿಸಿರಬೇಕು. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಬೇಕು.

ಸರಾಸರಿಯ ಆಟ

ಪ್ರಯೋಗಾಲಯದ ತಪ್ಪಿಗಿಂತ ದೊಡ್ಡ ತಪ್ಪು ವರದಿಯ ಕೊನೆಯ ಪುಟದಲ್ಲಿ ಆಗುತ್ತದೆ. 42 ಮತ್ತು 75 ಕೂಡಿಸಿ ಎರಡರಿಂದ ಭಾಗಿಸಿ ‘ಸರಾಸರಿ 58, ಬುನಾದಿ 1.5 ಮೀಟರ್ ಆಳಕ್ಕೆ’ ಎಂದು ಒಂದೇ ಸಾಲಿನ ತೀರ್ಮಾನ. 58 ಎಂಬ ಮಣ್ಣು ಆ ಜಾಗದಲ್ಲಿ ಯಾವ ಗುಂಡಿಯಿಂದಲೂ ಬಂದಿಲ್ಲ. ಒಂದೂವರೆ ಮೀಟರಿನ ಬುನಾದಿ ಪೂರ್ವದಲ್ಲಿ ಮುರುಮಿನ ಮೇಲೆ ಕೂತಿತು, ಪಶ್ಚಿಮದಲ್ಲಿ ಕರಿ ಮಣ್ಣಿನ ನಡುವೆ ತೇಲಿತು. ಒಂದೇ ಕಟ್ಟಡ, ಎರಡು ನೆಲ. ಬೇಸಿಗೆಗೆ ಪಶ್ಚಿಮದ ಅಂಗಡಿಗಳು ಕುಸಿಯುತ್ತವೆ, ಮಳೆಗೆ ಏಳುತ್ತವೆ. ಪೂರ್ವದವು ಅಲ್ಲಾಡುವುದಿಲ್ಲ. ಬಿರುಕು ಬೀಳುವುದು ಎರಡು ನೆಲ ಸೇರುವಲ್ಲಿ, ಅಂದರೆ ನಡುವಿನ ಅಂಗಡಿಗಳ ಗೋಡೆಯಲ್ಲಿ. ಆ ಅಂಗಡಿ ಬಾಡಿಗೆಗೆ ಹಿಡಿದವನಿಗೆ ಇದ್ಯಾವುದೂ ಗೊತ್ತಿಲ್ಲ, ಅವನು ಶಟರಿಗೆ ಎಣ್ಣೆ ಬಿಡುತ್ತ ಕೂರುತ್ತಾನೆ.

ಸರಿಯಾದ ತೀರ್ಮಾನ ಎರಡು ತುದಿಗೂ ಬೇರೆ ಬೇರೆ ಬರೆಯುತ್ತದೆ. ಪೂರ್ವದಲ್ಲಿ ಕರಿ ಮಣ್ಣನ್ನು ಪೂರ್ತಿ ತೆಗೆದು ಮುರುಮಿನೊಳಕ್ಕೆ ಇಳಿದು ಬುನಾದಿ. ಪಶ್ಚಿಮದಲ್ಲಿ ದಾರಿ ಎರಡು. ಒಂದು, ಅಲ್ಲಿಯೂ 3.2 ಮೀಟರ್ ಅಗೆದು ಮುರುಮು ಮುಟ್ಟುವುದು. ಇನ್ನೊಂದು, ಬುಡ ಉಬ್ಬಿದ ಪೈಲು. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ಕರಿ ಮಣ್ಣಿಗೆಂದೇ ರೂಢಿಗೆ ತಂದದ್ದಿದು. ನೆಲದಲ್ಲಿ ತೂತು ಕೊರೆದು ಬುಡದಲ್ಲಿ ಕಾಂಡದ ಎರಡೂವರೆ ಪಟ್ಟು ಅಗಲದ ಗಡ್ಡೆಯಂತೆ ಅಗಲಿಸಿ ಕಾಂಕ್ರೀಟು ತುಂಬುತ್ತಾರೆ. ಮಣ್ಣು ಋತುವಿಗೆ ಋತು ಉಬ್ಬಿ ಕುಗ್ಗುವ ಆಳ ನಮ್ಮ ದೇಶದಲ್ಲಿ ಸುಮಾರು ಮೂರೂವರೆ ಮೀಟರ್ ಎಂದು ಹಿಡಿಯುತ್ತಾರೆ. ಗಡ್ಡೆ ಅದರ ಕೆಳಗೆ ಕೂತು ಕಟ್ಟಡವನ್ನು ಹಿಡಿದಿಡುತ್ತದೆ. ಪೈಲುಗಳ ಮೇಲಿನ ತೊಲೆಗೂ ನೆಲಕ್ಕೂ ನಡುವೆ ಸಂದು ಬಿಡಬೇಕು, ಮಣ್ಣು ಉಬ್ಬಿದರೆ ಆ ಸಂದಿನೊಳಗೆ ಉಬ್ಬಲಿ ಎಂದು. ಮೇಸ್ತ್ರಿಗಳು ‘ಇದೇನ್ ಖಾಲಿ ಬಿಟ್ಟಾರ’ ಎಂದು ಮುರುಮು ತುಂಬಿ ಗಟ್ಟಿ ಮಾಡಿಬಿಡುತ್ತಾರೆ. ಅಲ್ಲಿಗೆ ಪೈಲಿಗೆ ಹಾಕಿದ ರೊಕ್ಕ ವ್ಯರ್ಥ.

ಎರಡು ತುದಿಯ ಗುಂಡಿಯಿಂದ ನಡುವಿನದು ತಿಳಿಯುವುದಿಲ್ಲ. ಮುರುಮು ಎಲ್ಲಿ ಇಳಿಜಾರಾಗಿ ಕೆಳಗೆ ಹೋಗುತ್ತದೆ ಎಂದು ಕಾಣಲು ಮಧ್ಯದಲ್ಲಿ ಮೂರನೇ ಗುಂಡಿ ಬೇಕು. ಇಷ್ಟು ವ್ಯತ್ಯಾಸ ಕಂಡ ಮೇಲೆ ಅದನ್ನು ಸೂಚಿಸದ ವರದಿ ಅರ್ಧ ವರದಿ.

ಕಾಗದ ನೋಡಿ ಹಿಡಿಯುವುದು

ಪರೀಕ್ಷೆ ನಿಜವಾಗಿ ಮಾಡಿದ್ದಾರೋ, ಮೇಜಿನ ಮೇಲೇ ಬರೆದಿದ್ದಾರೋ? ಅಂಗಡಿಯ ಲೆಕ್ಕ ನೋಡುವ ಕಣ್ಣಿದ್ದರೆ ಸಾಕು. ವರದಿಯಲ್ಲಿ ಬರೀ ಶೇಕಡಾ ಕೊಟ್ಟು ನೀರಿನ ಮತ್ತು ಸೀಮೆಎಣ್ಣೆಯ ಓದು ಕೊಡದಿದ್ದರೆ ಮೂಲ ಅಂಕಿ ಕೇಳಬೇಕು. ಮಣ್ಣು ತೆಗೆದ ದಿನ, ಪ್ರಯೋಗಾಲಯಕ್ಕೆ ಮುಟ್ಟಿದ ದಿನ, ಪರೀಕ್ಷೆ ಮುಗಿದ ದಿನ ಮೂರೂ ಒಂದೇ ಆಗಿದ್ದರೆ ಆ ಇಪ್ಪತ್ತನಾಲ್ಕು ತಾಸು ಎಲ್ಲಿ ಹೋಯಿತು? ದ್ರವ ಮಿತಿಯಲ್ಲಿ ಪ್ಲಾಸ್ಟಿಕ್ ಮಿತಿ ಕಳೆದರೆ ಪಕ್ಕದ ಕಾಲಮಿನ ಅಂಕಿಯೇ ಬರಬೇಕು. ಕಳೆಯುವ ಲೆಕ್ಕವೇ ತಪ್ಪಿದ್ದರೆ ಉಳಿದದ್ದನ್ನು ನಂಬುವುದು ಕಷ್ಟ.

ತೇವಾಂಶದ ಕಾಲಂ ಇನ್ನೂ ಹೆಚ್ಚು ಬಾಯಿ ಬಿಡುತ್ತದೆ. ಮಣ್ಣನ್ನು ಸಿಮೆಂಟು ಚೀಲದಲ್ಲಿ ಕಟ್ಟಿ ಬಸ್ಸಿನ ಮೇಲೆ ಹಾಕಿ ಕಳಿಸಿದರೆ ದಾರಿಯಲ್ಲೇ ಒಣಗುತ್ತದೆ. ಉಬ್ಬುವಿಕೆಯ ಅಂಕಕ್ಕೆ ಇದರಿಂದ ಬಾಧೆಯಿಲ್ಲ, ಅದಕ್ಕೆ ಹೇಗೂ ಒಣಗಿಸಿಯೇ ಹಾಕುತ್ತಾರೆ. ತೇವಾಂಶ, ಮಣ್ಣಿನ ಬಲ ಅಳೆಯಲು ಮಾತ್ರ ಕೊಳವೆಯಲ್ಲಿ ಅಲುಗದಂತೆ ತೆಗೆದು ಎರಡು ಬಾಯಿಗೂ ಮೇಣ ಹಚ್ಚಿದ ಮಣ್ಣೇ ಬೇಕು. ಔರಾದ ಕಡೆಯ ಕರಿ ಹೊಲದಲ್ಲಿ ಮೇ ತಿಂಗಳು ತೆಗೆದ ಮಣ್ಣಿಗೂ ಆಗಸ್ಟಿನದಕ್ಕೂ ತೇವಾಂಶ ಒಂದೇ ಎಂದು ಬರೆದಿದ್ದರೆ, ಅಥವಾ ಅರ್ಧ ಮೀಟರಿಗೂ ಮೂರು ಮೀಟರಿಗೂ ಅದೇ ಅಂಕಿ ಇದ್ದರೆ, ಅನುಮಾನಪಡಬೇಕಾದದ್ದೇ. ಬೇಸಿಗೆಯ ಒಣ ಎರೆ ಕಲ್ಲಿನಂತೆ ಗಟ್ಟಿ ಇರುತ್ತದೆ, ಆಗ ಅಳೆದ ಬಲವನ್ನೇ ನಂಬಿ ಬುನಾದಿ ಹಾಕಿದರೆ ಮೃಗಶಿರಾ ಮಳೆಗೆ ಅದು ಕರಗಿರುತ್ತದೆ. ಆದ್ದರಿಂದ ತಿಂಗಳು ಯಾವುದೆಂದು ವರದಿಯ ಮೊದಲ ಪುಟದಲ್ಲೇ ನೋಡಬೇಕು.

ಪರೀಕ್ಷೆಗೆ ಹೋದದ್ದು ಇಪ್ಪತ್ತು ಗ್ರಾಂ. ತಂದ ಮಣ್ಣಿನ ಉಳಿಕೆ ಕೆಲವು ದಿನ ಅಲ್ಲಿಯೇ ಇರುತ್ತದೆ. ಅಂಕಿಯಲ್ಲಿ ಅನುಮಾನವಿರುವ ಮಾಲಿಕ ಅದನ್ನು ಎಸೆಯುವ ಮೊದಲೇ ಬರವಣಿಗೆಯಲ್ಲಿ ಕೇಳಿದರೆ ಅದೇ ಮಣ್ಣನ್ನು ಇನ್ನೊಂದು ಕಡೆ ಕೊಟ್ಟು ಎರಡನೇ ಸಲ ಕೊಳವೆಗೆ ಹಾಕಿಸಬಹುದು.