ಒಬ್ಬರಿಗೆ ಒಂದೇ ನೋಂದಣಿ
ಈ ವಾರ ಆರೋಗ್ಯ ಶಿಬಿರವೊಂದರ ಪಟ್ಟಿಯಲ್ಲಿ ಒಬ್ಬರದೇ ಹೆಸರು ಎರಡು ನೋಂದಣಿ ಸಂಖ್ಯೆಗಳೊಡನೆ ಕಂಡಿತು. ಇದನ್ನು ತಡೆಯಲು, ಒಮ್ಮೆ ಒತ್ತಿದ ನೋಂದಣಿ ಬಟನ್ ಮತ್ತೆ ಒತ್ತಲಾಗದಂತೆ ಮಾಡಿದರೆ ಸಾಲದು. ಸರ್ವರಿನ ಉತ್ತರ ದಾರಿಯಲ್ಲಿ ಕಳೆದುಹೋದರೆ ಆ್ಯಪ್ ಅದೇ ಕೋರಿಕೆಯನ್ನು ತಾನೇ ಮತ್ತೆ ಕಳಿಸಬಹುದು. ‘ಮೊದಲೇ ಇದೆಯೇ’ ಎಂದು ನೋಡಿ ಆಮೇಲೆ ಸೇರಿಸುವ ಉಪಾಯವೂ ಸೋಲುತ್ತದೆ: ಒಟ್ಟಿಗೆ ಬಂದ ಎರಡು ಕೋರಿಕೆಗಳಿಗೂ ‘ಇಲ್ಲ’ ಎಂದೇ ಕಾಣಬಹುದು. ಹಾಗಾಗಿ ಕಾವಲು ಡೇಟಾಬೇಸಿನಲ್ಲೇ ಇರಬೇಕು. ಫಾರಂ ತೆರೆದಾಗಲೇ ಒಂದು ಕೀ ಹುಟ್ಟಲಿ, ಪ್ರತಿ ಮರುಯತ್ನದಲ್ಲೂ ಅದೇ `Idempotency-Key` ಹೋಗಲಿ, ಟೇಬಲ್ಲಿನಲ್ಲಿ ಆ ಕೀ ಇಡುವ ಕಾಲಮ್ಮಿಗೆ `UNIQUE` ನಿರ್ಬಂಧವಿರಲಿ. ಎರಡನೆಯ `INSERT` ಅಲ್ಲಿ ತಡೆಯಲ್ಪಟ್ಟಾಗ ಸರ್ವರ್ ದೋಷ ತೋರಿಸದೆ ಮೊದಲಿನ ನೋಂದಣಿ ಸಂಖ್ಯೆಯನ್ನೇ ಮರಳಿಸಬೇಕು. ಪುಟವನ್ನು ಹೊಸದಾಗಿ ತೆರೆದರೆ ಕೀ ಬದಲಾಗುತ್ತದೆ. ಆದ್ದರಿಂದ ಒಂದೇ ಶಿಬಿರಕ್ಕೆ ಒಂದೇ ಇಮೇಲ್ ಎರಡು ಸಲ ಸೇರದಂತೆ ಇನ್ನೊಂದು ನಿರ್ಬಂಧವೂ ಬೇಕು.